ಕಾರ್ಡ್ ಶುಲ್ಕ: ಬಿಲ್‌ನಲ್ಲಿ ಬೇರೆ ಸಾಲೋ, ಬೆಲೆಯೊಳಗೋ?

ಗಿರಾಕಿ ಕಾರ್ಡಿನಿಂದ ದುಡ್ಡು ಕೊಟ್ಟಾಗ ಅಂಗಡಿಯ ಕೈಯಿಂದ ಒಂದು ಶುಲ್ಕ ಹೋಗುತ್ತದೆ. ಅದನ್ನು ಬಿಲ್‌ನಲ್ಲಿ ಬೇರೆಯಾಗಿ ವಸೂಲಿ ಮಾಡಬೇಕು ಎನ್ನುವವರಿದ್ದಾರೆ, ಬೆಲೆಯೊಳಗೇ ಸೇರಿಸಬೇಕು ಎನ್ನುವವರೂ ಇದ್ದಾರೆ. ಎರಡೂ ಕಡೆಯ ವಾದಕ್ಕೆ ಒಂದೇ ಅಂಗಡಿಯನ್ನು ಇಟ್ಟುಕೊಳ್ಳೋಣ. ಅದು 100ಕ್ಕೆ ಮಾರಿದರೆ, ಕಾರ್ಡ್ ಶುಲ್ಕ ಬಿಟ್ಟು ಉಳಿದ ಖರ್ಚೆಲ್ಲ ಕಳೆದು 6 ಉಳಿಯುತ್ತದೆ. ನೂರು ಗಿರಾಕಿಗಳಲ್ಲಿ 40 ಮಂದಿ ಕ್ರೆಡಿಟ್ ಕಾರ್ಡ್ ಕೊಡುತ್ತಾರೆ, 30 ಮಂದಿ ಡೆಬಿಟ್ ಕಾರ್ಡ್, ಉಳಿದ 30 ಮಂದಿ ನಗದು. ಕ್ರೆಡಿಟ್‌ಗೆ ಶೇ. 2, ಡೆಬಿಟ್‌ಗೆ ಶೇ. 0.5 ಶುಲ್ಕ ಹೋಗುತ್ತದೆ. ಅಂಕಿಗಳು ಊಹೆಯವು. ಆದರೆ ಜಗಳ ಅರ್ಥವಾಗಲು ಸಾಕು.

ಪರ: ಶುಲ್ಕ ಬಿಲ್‌ನಲ್ಲಿ ಕಾಣಲಿ

100ರ ಸಾಮಾನಿಗೆ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅಂಗಡಿಗೆ ಬರುವುದು 98. ಕಳೆದುಹೋದ ಆ 2 ಬರೀ ಶೇ. 2 ಅಲ್ಲ. 6ರ ಲಾಭದಲ್ಲಿ ಮೂರನೇ ಒಂದು ಪಾಲು.

ಈ ದುಡ್ಡು ಎಲ್ಲಿಗೆ ಹೋಗುತ್ತದೆ? ಹೆಚ್ಚಿನ ಪಾಲು ಇಂಟರ್‌ಚೇಂಜ್ ಎಂಬ ಹೆಸರಿನಲ್ಲಿ ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಒಂದು ಪಾಲು ಕಾರ್ಡ್ ಜಾಲದ ಕಂಪನಿಗೆ. ಇನ್ನೊಂದು ಪಾಲು ಅಂಗಡಿಗೆ ಯಂತ್ರ ಕೊಟ್ಟು ಹಣ ಜಮಾ ಮಾಡುವ ಬ್ಯಾಂಕಿಗೆ. ಗಿರಾಕಿಗೆ ಸಿಗುವ ಪಾಯಿಂಟ್, ಕ್ಯಾಶ್‌ಬ್ಯಾಕ್ ಎಲ್ಲ ಬಹುಮಟ್ಟಿಗೆ ಆ ಮೊದಲ ಪಾಲಿನಿಂದಲೇ ಬರುತ್ತವೆ. ಅಂದರೆ ಯಾವ ಕಾರ್ಡ್ ಅಂತ ಆರಿಸುವವರು ಗಿರಾಕಿ, ಅದರ ಲಾಭ ಗಿರಾಕಿಗೆ, ದುಡ್ಡು ಕೊಡುವುದು ಮಾತ್ರ ಅಂಗಡಿ. ಆರಿಸುವವರಿಗೆ ಬೆಲೆಯೇ ಕಾಣದಿದ್ದರೆ ಅವರು ದುಬಾರಿ ಕಾರ್ಡನ್ನೇ ತೆಗೆಯುತ್ತಾರೆ. ಅವರ ತಪ್ಪೇನಿಲ್ಲ, ನಾನಾದರೂ ಅದನ್ನೇ ಮಾಡುತ್ತೇನೆ.

ಅಂಗಡಿ ಇದನ್ನು ಬೆಲೆಯೊಳಗೆ ಸೇರಿಸಿದರೆ ಏನಾಗುತ್ತದೆ ನೋಡಿ. ನೂರು ಗಿರಾಕಿಗಳ ಮೇಲೆ ಒಟ್ಟು ಶುಲ್ಕ 95. ಸರಾಸರಿ ತಲೆಗೆ 0.95. ಅದನ್ನು ಸರಿದೂಗಿಸಲು 100ರ ಬೆಲೆ ಹತ್ತಿರ ಹತ್ತಿರ 101 ಆಗಬೇಕು. ಈಗ ನಗದು ಕೊಡುವವರು ಯಾವ ಶುಲ್ಕಕ್ಕೂ ಕಾರಣರಲ್ಲ, ಆದರೂ 1 ಜಾಸ್ತಿ ಕೊಡುತ್ತಾರೆ. ಕ್ರೆಡಿಟ್ ಕಾರ್ಡಿನವರು 2ರ ಖರ್ಚು ತಂದು 1 ಮಾತ್ರ ಕೊಡುತ್ತಾರೆ, ಮೇಲೆ ಪಾಯಿಂಟ್ ಬೇರೆ. 2010ರಲ್ಲಿ ಅಮೆರಿಕದ ಬೋಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಸಂಶೋಧಕರು ಇದನ್ನೇ ಲೆಕ್ಕ ಹಾಕಿದ್ದರು. ನಗದು ಬಳಸುವ ಒಂದು ಮನೆಯಿಂದ ವರ್ಷಕ್ಕೆ ಸರಾಸರಿ 149 ಡಾಲರ್ ಕಾರ್ಡ್ ಬಳಸುವ ಮನೆಗಳ ಕಡೆಗೆ ಹರಿಯುತ್ತದೆ ಎಂಬುದು ಅವರ ಅಂದಾಜು. ನಗದನ್ನೇ ನಂಬಿದವರಲ್ಲಿ ಕಡಿಮೆ ಆದಾಯದವರೇ ಜಾಸ್ತಿ. ಬಡವರ ಜೇಬಿನಿಂದ ಇನ್ನೊಬ್ಬರ ವಿಮಾನದ ಪಾಯಿಂಟ್!

ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕ್ 2003ರಲ್ಲಿ ಅಂಗಡಿಗಳಿಗೆ ಸರ್ಚಾರ್ಜ್, ಅಂದರೆ ಕಾರ್ಡಿನವರ ಬಿಲ್ಲಿಗೆ ಹೆಚ್ಚುವರಿ ಮೊತ್ತ, ಹಾಕುವ ಹಕ್ಕು ಕೊಟ್ಟಿದ್ದು ಈ ಯೋಚನೆಯಿಂದಲೇ. ಬೆಲೆ ಕಂಡರೆ ಜನ ಅಗ್ಗದ ದಾರಿಗೆ ಹೊರಳುತ್ತಾರೆ, ಆಗ ಕಾರ್ಡ್ ಕಂಪನಿಗಳೂ ದರ ಇಳಿಸಬೇಕಾಗುತ್ತದೆ. ಅಂಗಡಿಯವರ ಕೈಯಲ್ಲಿ ಬೇರೆ ಆಯುಧ ಏನಿದೆ? ಕಾರ್ಡ್ ಬೇಡ ಎಂದರೆ ಗಿರಾಕಿ ಹೊರಟೇಬಿಡುತ್ತಾರೆ.

ಸಣ್ಣ ಬಿಲ್ಲಿನ ಕಥೆ ಇನ್ನೂ ಕೆಟ್ಟದು. ಶೇಕಡಾವಾರು ಶುಲ್ಕದ ಜೊತೆ ಪ್ರತಿ ವ್ಯವಹಾರಕ್ಕೆ 0.30 ಅಂತ ಒಂದು ನಿಗದಿ ಮೊತ್ತವೂ ಇದ್ದರೆ, 5ರ ಬಿಲ್ಲಿನಲ್ಲಿ ಅದೊಂದೇ ಶೇ. 6 ಆಯಿತು. ಲಾಭ ಪೂರ್ತಿ ಹೋಯಿತು.

ಬೇರೆ ಸಾಲು ಹಾಕುವವರು ಒಂದು ಲೆಕ್ಕ ನೆನಪಿಡಬೇಕು. 100ರ ಮೇಲೆ 2 ಸೇರಿಸಿದರೆ ಶುಲ್ಕ 102ರ ಮೇಲೆ ಬೀಳುತ್ತದೆ, 2.04 ಹೋಗುತ್ತದೆ. ಪೂರ್ತಿ 100 ಕೈಗೆ ಬರಬೇಕಾದರೆ 100ನ್ನು 0.98ರಿಂದ ಭಾಗಿಸಬೇಕು.

ವಿರೋಧ: ಬೆಲೆಯೊಳಗೇ ಇರಲಿ

ಮೇಲಿನ ಲೆಕ್ಕದಲ್ಲಿ ನಗದಿಗೆ ಸೊನ್ನೆ ಖರ್ಚು ಎಂದು ಹಿಡಿದಿದೆ. ಗಲ್ಲಾದ ಮುಂದೆ ಒಂದು ದಿನ ಕೂತವರು ಇದನ್ನು ಒಪ್ಪುವುದಿಲ್ಲ. ಚಿಲ್ಲರೆ ಹೊಂದಿಸಬೇಕು, ರಾತ್ರಿ ಎಣಿಸಬೇಕು, ಲೆಕ್ಕ ತಾಳೆಯಾಗದಿದ್ದರೆ ಮತ್ತೆ ಎಣಿಸಬೇಕು, ಬ್ಯಾಂಕಿಗೆ ಹೋಗಿ ಕಟ್ಟಬೇಕು. ಖೋಟಾ ನೋಟು, ಕಳ್ಳತನದ ಭಯ ಬೇರೆ. ಇದಕ್ಕೆಲ್ಲ ಬಿಲ್ಲಿನಲ್ಲಿ ಯಾರೂ ಸಾಲು ಹಾಕುವುದಿಲ್ಲ. ಬಾಡಿಗೆ, ಕರೆಂಟು, ಕಾವಲುಗಾರರ ಸಂಬಳ ಎಲ್ಲವೂ ಬೆಲೆಯೊಳಗೇ ಇವೆ. ಕಾರ್ಡ್ ಶುಲ್ಕಕ್ಕೆ ಮಾತ್ರ ಏಕೆ ಬೇರೆ ಎಲೆ?

ಆದರೆ ನನಗೆ ನಿಜವಾದ ತೊಂದರೆ ಕಾಣುವುದು ಬೇರೆ ಕಡೆ. ಸರ್ಚಾರ್ಜ್ ಬಹಳ ಸಲ ನಿಜವಾದ ಖರ್ಚನ್ನು ತೋರಿಸುವುದೇ ಇಲ್ಲ. ಗಡಿಬಿಡಿಯ ಹೊತ್ತಿನಲ್ಲಿ ಪ್ರತಿ ಕಾರ್ಡಿಗೂ ಬೇರೆ ದರ ಹಾಕುವವರು ಯಾರು? ನಮ್ಮ ಅಂಗಡಿಯೂ 'ಎಲ್ಲ ಕಾರ್ಡಿಗೂ ಶೇ. 1.5' ಎಂದು ಬೋರ್ಡು ಹಾಕಿತು ಅನ್ನಿ. 0.5ರ ಖರ್ಚು ತಂದ ಡೆಬಿಟ್ ಗಿರಾಕಿ 1.5 ಕೊಟ್ಟರು. 2ರ ಖರ್ಚು ತಂದ ಕ್ರೆಡಿಟ್ ಗಿರಾಕಿಯೂ 1.5 ಕೊಟ್ಟರು. ಅಂದರೆ ಪಾಯಿಂಟ್‌ಗಳ ಖರ್ಚನ್ನು ಹಿಂದೆ ನಗದಿನವರು ಹೊರುತ್ತಿದ್ದರು, ಈಗ ಡೆಬಿಟ್‌ನವರು ಹೊರುತ್ತಾರೆ, ಅಷ್ಟೇ. 70 ಕಾರ್ಡ್ ಗಿರಾಕಿಗಳಿಂದ ಬಂದದ್ದು 105. ಆ ಹೆಚ್ಚುವರಿ ಮೊತ್ತದ ಮೇಲಿನ ಶುಲ್ಕವೂ ಸೇರಿ ಹೋದದ್ದು ಸುಮಾರು 96. ಉಳಿದ 9 ಯಾರದು?

ಇದು ಬರೀ ಕಲ್ಪನೆಯಲ್ಲ. ಆಸ್ಟ್ರೇಲಿಯಾದಲ್ಲೇ ಹಕ್ಕು ಕೊಟ್ಟ ಮೇಲೆ ವಿಮಾನದ ಟಿಕೆಟ್ಟಿನಂಥ ಕಡೆ ಖರ್ಚಿಗಿಂತ ಎಷ್ಟೋ ಹೆಚ್ಚಿನ ನಿಗದಿ ಮೊತ್ತ ಹಾಕುವುದು ಶುರುವಾಯಿತು. ಅಗ್ಗದ ಟಿಕೆಟ್ಟಿಗೆ ಅದು ಭಾರಿ ಹೊರೆ. ಕೊನೆಗೆ 2016ರಲ್ಲಿ ದೊಡ್ಡ ವ್ಯಾಪಾರಿಗಳಿಗೂ 2017ರಲ್ಲಿ ಉಳಿದವರಿಗೂ ನಿಜವಾದ ಖರ್ಚಿಗಿಂತ ಜಾಸ್ತಿ ವಸೂಲಿ ಮಾಡಬಾರದು ಎಂಬ ನಿಯಮ ಬಂತು. 2025ರ ಜುಲೈನಲ್ಲಿ ಅದೇ ರಿಸರ್ವ್ ಬ್ಯಾಂಕ್ ಈ ಸರ್ಚಾರ್ಜನ್ನೇ ತೆಗೆದುಹಾಕುವ ಪ್ರಸ್ತಾವ ಮುಂದಿಟ್ಟಿತು. ಜನ ನಗದು ಬಿಟ್ಟು ಕಾರ್ಡಿಗೆ ಬಂದಾಗಿದೆ, ಹೊರಳಲು ಅಗ್ಗದ ದಾರಿಯೇ ಕಡಿಮೆ. ದಾರಿ ಇಲ್ಲದ ಕಡೆ ಹಾಕುವ ಸರ್ಚಾರ್ಜ್ ಸುಮ್ನೆ ಬೆಲೆ ಏರಿಕೆ, ಅಲ್ವಾ?

ಶೆಲ್ಫಿನ ಮೇಲೆ 100, ಕೌಂಟರಿನಲ್ಲಿ 102 ಆದರೆ ಎರಡು ಅಂಗಡಿಗಳ ಬೆಲೆಯನ್ನು ಗಿರಾಕಿ ಹೋಲಿಸುವುದು ಹೇಗೆ? ಸಾಮಾನು ವಾಪಸ್ ತಂದಾಗ ಇನ್ನೊಂದು ಪೇಚು. ಎಷ್ಟೋ ಕಡೆ ಬ್ಯಾಂಕು ತಾನು ಹಿಡಿದ ಶುಲ್ಕವನ್ನು ಅಂಗಡಿಗೆ ಹಿಂದಿರುಗಿಸುವುದಿಲ್ಲ. ಆಗ ಗಿರಾಕಿಗೆ 102 ಕೊಟ್ಟರೆ ಅಂಗಡಿಗೆ ನಷ್ಟ, 100 ಕೊಟ್ಟರೆ ಜಗಳ.

ನಗದಿಗೆ ರಿಯಾಯಿತಿ ಕೊಟ್ಟರೆ ಇಷ್ಟು ಕಹಿ ಇರುವುದಿಲ್ಲ. 102 ಎಂದು ಬರೆದು ನಗದಿಗೆ 2 ಬಿಡುವುದೂ 100 ಎಂದು ಬರೆದು ಕಾರ್ಡಿಗೆ 2 ಸೇರಿಸುವುದೂ ಲೆಕ್ಕಕ್ಕೆ ಒಂದೇ. ಮನಸ್ಸಿಗೆ ಒಂದೇ ಅಲ್ಲ. ಅಮೆರಿಕದಲ್ಲಿ 1984ರವರೆಗೆ ಸರ್ಚಾರ್ಜಿಗೆ ನಿಷೇಧವಿತ್ತು, ರಿಯಾಯಿತಿಗೆ ಅನುಮತಿ ಇತ್ತು. ಕಾರ್ಡ್ ಉದ್ಯಮಕ್ಕೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು ಎಂದು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರಲ್ಲೇ ಗುರುತಿಸಿದ್ದರು.

ಪರ ವಾದದ ಒಂದು ಮಾತನ್ನು ಮಾತ್ರ ನಾನು ಒಪ್ಪುತ್ತೇನೆ. ಬೆಲೆಯೊಳಗೆ ಅಡಗಿಸಿದರೆ ಕಾರ್ಡ್ ಶುಲ್ಕಕ್ಕೆ ಲಗಾಮು ಇರುವುದಿಲ್ಲ. ಯುರೋಪಿಯನ್ ಒಕ್ಕೂಟ ಅದಕ್ಕೇ ಮೊದಲು 2015ರಲ್ಲಿ ಇಂಟರ್‌ಚೇಂಜಿಗೆ ಮಿತಿ ಹಾಕಿತು: ಸಾಮಾನ್ಯ ಗ್ರಾಹಕರ ಡೆಬಿಟ್ ಕಾರ್ಡಿಗೆ ಶೇ. 0.2, ಕ್ರೆಡಿಟ್ ಕಾರ್ಡಿಗೆ ಶೇ. 0.3. ಆ ಮಿತಿಗೆ ಒಳಪಟ್ಟ ಕಾರ್ಡುಗಳ ಮೇಲೆ ಸರ್ಚಾರ್ಜ್ ನಿಷೇಧ ಜಾರಿಗೆ ಬಂದದ್ದು ಆಮೇಲೆ, 2018ರ ಜನವರಿಯಲ್ಲಿ. ಈ ಕ್ರಮ ಸರಿ. ಮಿತಿಯೇ ಇಲ್ಲದೆ ನಿಷೇಧ ತಂದರೆ ಅಂಗಡಿಯವರ ಕೈಕಟ್ಟಿದಂತೆ.

ಅಂಥ ಮಿತಿ ಬರುವವರೆಗೆ ಅಂಗಡಿಯವರು ಗಿರಾಕಿಗಿಂತ ಮೊದಲು ತಮ್ಮ ಬ್ಯಾಂಕಿನ ಜೊತೆ ಚೌಕಾಸಿ ಮಾಡಬಹುದು. ತಿಂಗಳ ಸ್ಟೇಟ್‌ಮೆಂಟ್ ತೆಗೆದು, ಯಂತ್ರದ ಬಾಡಿಗೆಯೂ ಸೇರಿದಂತೆ ಕೊಟ್ಟ ಒಟ್ಟು ಶುಲ್ಕವನ್ನು ಕಾರ್ಡಿನಿಂದ ಬಂದ ಒಟ್ಟು ಮಾರಾಟದಿಂದ ಭಾಗಿಸಿ. ಕಾರ್ಡ್ ಮಾರಾಟದ 7,000ಕ್ಕೆ 95 ಹೋಗಿದ್ದರೆ ಅದು ಶೇ. 1.36. ಎಲ್ಲ ಕಾರ್ಡಿಗೂ ಒಂದೇ ದರ ಹಿಡಿಯುವ ಬದಲು ಇಂಟರ್‌ಚೇಂಜ್ ಬೇರೆ, ಬ್ಯಾಂಕಿನ ಪಾಲು ಬೇರೆ ತೋರಿಸುವ ದರಪಟ್ಟಿ ಕೇಳಿ. ಮಾತುಕತೆಗೆ ಬಗ್ಗುವುದು ಆ ಎರಡನೆಯ ಪಾಲೇ.