ಮಲಗಿಸಿ ಅಳೆದ ಎತ್ತರ ಮತ್ತು ಮೂಳೆ ಸವೆತದ ಅನುಮಾನ

"ದೊಡ್ಡವರ ಎತ್ತರ ಮಲಗಿಸಿ ಅಳೆದರೂ ನಿಲ್ಲಿಸಿ ಅಳೆದರೂ ಒಂದೇ."

ಇದನ್ನು ಒಪ್ಪುವುದು ಕಷ್ಟ. ನಿಂತಾಗ ಮೈಭಾರಕ್ಕೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅದುಮಿಕೊಳ್ಳುತ್ತವೆ, ಬೆನ್ನಿನ ಬಾಗುಗಳೂ ಹೆಚ್ಚುತ್ತವೆ. ಮಲಗಿದರೆ ಆ ಭಾರ ಇಳಿದು ಬೆನ್ನು ಚಾಚಿಕೊಳ್ಳುತ್ತದೆ, ಎತ್ತರ ಸುಮಾರು 1 ಸೆಂ.ಮೀ. ಜಾಸ್ತಿ ಕಾಣುತ್ತದೆ. ಪಾದವನ್ನು ನೆಟ್ಟಗೆ ನಿಲ್ಲಿಸದೆ ಬೆರಳ ತುದಿವರೆಗೆ ಟೇಪು ಎಳೆದರಂತೂ ಲೆಕ್ಕವೇ ಬೇರೆ!

ವೆಂಟಿಲೇಟರ್‌ನ ಗಾಳಿಯ ಪ್ರಮಾಣ ಲೆಕ್ಕ ಹಾಕುವಾಗ ಈ ವ್ಯತ್ಯಾಸ ದೊಡ್ಡದಲ್ಲ. ಅಲ್ಲಿ ಎತ್ತರದಿಂದ ಅಂದಾಜಿಸಿದ ತೂಕಕ್ಕೆ ಕಿಲೋಗೆ 6 ಮಿ.ಲೀ. ಹಿಡಿದರೆ ಒಂದು ಉಸಿರಿಗೆ ಐದಾರು ಮಿ.ಲೀ. ಅಷ್ಟೆ. ತೊಂದರೆ ಇರುವುದು ಮೂಳೆ ಸವೆತದವರಲ್ಲಿ. ಸೊಂಟದ ಆಪರೇಷನ್ನಿಗೆ ಸೇರಿದ ಅಜ್ಜಿಯನ್ನು ಮಂಚದ ಮೇಲೆ ಅಳೆದು 153 ಎಂದು ಬರೆದಿರುತ್ತಾರೆ ಅಂದುಕೊಳ್ಳಿ. ಮುಂದಿನ ವರ್ಷ ಸಂಜೆ ಓಪಿಡಿಯಲ್ಲಿ ನಿಲ್ಲಿಸಿದರೆ 151. ಹೀಗೆ 2 ಸೆಂ.ಮೀ. ಕುಗ್ಗಿದರೆ ಬೆನ್ನುಮೂಳೆ ಕುಸಿದಿದೆಯೇ ಎಂದು ಎಕ್ಸ್‌ರೇ ತೆಗೆಸುವುದು ರೂಢಿ. ಆದರೆ ಇಲ್ಲಿ 1 ಸೆಂ.ಮೀ. ಮಲಗಿಸಿ ಅಳೆದದ್ದರ ಪಾಲು, ಉಳಿದದ್ದರಲ್ಲಿ ಬಹುಪಾಲು ದಿನವಿಡೀ ಮೆತ್ತೆಗಳು ಅದುಮಿ ಸಂಜೆಗೆ ಆಗುವ ಇಳಿತವೂ ಇರಬಹುದು. ಕಡತದಲ್ಲಿ ಅಂಕಿಯ ಪಕ್ಕ "ಮಲಗಿಸಿ" ಅಂತ ಬರೆದಿದ್ದರೆ ಮೊದಲು ಬೆಳಿಗ್ಗೆ ಇನ್ನೊಮ್ಮೆ ನಿಲ್ಲಿಸಿ ಅಳೆಯಬಹುದಿತ್ತು. ಬೆನ್ನುನೋವೂ ಇದ್ದರೆ ಮಾತ್ರ ಎಕ್ಸ್‌ರೇ ಮುಂದೂಡಬಾರದು.