‘ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಬನ್ನಿ’

ಕಣ್ಣು ಕಾಣದವರು ಬ್ಯಾಂಕಿಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳುವ ಮಾತು ಇದೇ. ಇವತ್ತು ಮತ್ತೆ ಕೇಳಿ ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನನ್ನ ದೃಷ್ಟಿ ನಿಧಾನವಾಗಿ ಹೋದ ವಿಷಯ ನಿಮಗೆಲ್ಲ ಗೊತ್ತೇ ಇದೆ. ಇವತ್ತು ಹೋಗಿದ್ದು ನನ್ನ ಕೆಲಸಕ್ಕಲ್ಲ. ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಕೆಲಸ ಸಿಕ್ಕಿದೆ, ಸಂಬಳಕ್ಕೆ ಅಕೌಂಟ್ ಬೇಕು. ಅವಳಿಗೆ ಒಂದು ಕಣ್ಣು ಪೂರ್ತಿ ಕಾಣುವುದಿಲ್ಲ, ಇನ್ನೊಂದರಲ್ಲಿ ದೊಡ್ಡ ಅಕ್ಷರವನ್ನು ಮೂಗಿನ ಹತ್ತಿರ ಹಿಡಿದು ಓದುತ್ತಾಳೆ. ಡಿಗ್ರಿ ಮಾಡಿದ್ದಾಳೆ. ಪರೀಕ್ಷೆಯ ಅರ್ಜಿ, ಕೆಲಸದ ಅರ್ಜಿ ಎಲ್ಲಕ್ಕೂ ಅವಳೇ ಸಹಿ ಹಾಕಿದವಳು. ಅವಳ ಅಣ್ಣ ಗಾಡಿಯಲ್ಲಿ ಬಿಡಲು ಬಂದಿದ್ದ. ಕೌಂಟರಿನ ಅಧಿಕಾರಿ ಅವಳನ್ನು ಬಿಟ್ಟು ಅಣ್ಣನನ್ನು ಕೇಳಿದರು: ‘ಇವ್ರಿಗೆ ಸಹಿ ಮಾಡೋಕೆ ಬರುತ್ತಾ?’

ಅವಳು ಅಲ್ಲೇ ಎದುರಿಗೇ ಕೂತಿದ್ದಾಳೆ!

‘ಬರುತ್ತೆ ಸರ್’ ಅಂತ ಅವಳೇ ಹೇಳಿದಳು. ಅದಕ್ಕೆ ಬಂದ ಉತ್ತರ: ‘ಇರ್ಲಿ ಬಿಡಮ್ಮ, ಸಹಿ ಒಂದೊಂದು ಸಲ ಒಂದೊಂದು ಥರ ಬಂದ್ರೆ ನಿನಗೇ ಕಷ್ಟ. ಹೆಬ್ಬೆಟ್ಟು ಒತ್ತಿಬಿಡು. ಎರಡು ಸಾಕ್ಷಿ ಕರ್ಕೊಂಡು ಬಾ. ಅಣ್ಣನ್ನ ಸೇರಿಸಿ ಜಾಯಿಂಟ್ ಅಕೌಂಟ್ ಮಾಡಿದ್ರೆ ಇನ್ನೂ ಸೇಫು.’ ಮೊಬೈಲ್ ನಂಬರ್ ಕಾಲಂ ಬಂದಾಗ ಕೇಳದೇನೇ ಅಣ್ಣನ ನಂಬರ್ ಬರೆಯಲು ಹೊರಟರು.

ಇದರಲ್ಲಿ ಒಂದೊಂದು ಮಾತೂ ಅವಳ ಒಳ್ಳೆಯದಕ್ಕೇ ಹೇಳಿದ ಹಾಗಿದೆ. ಆದರೆ ಎಲ್ಲ ಸೇರಿಸಿದರೆ ಏನಾಗುತ್ತದೆ ನೋಡಿ. ಸಹಿ ಅವಳದಲ್ಲ, ಖಾತೆ ಅವಳೊಬ್ಬಳದಲ್ಲ, ಒಟಿಪಿ ಹೋಗುವುದು ಅಣ್ಣನ ಫೋನಿಗೆ. ಸಂಬಳ ಮಾತ್ರ ಅವಳದು. ಆ ಹುಡುಗ ಒಳ್ಳೆಯವನೇ, ಅವನ ಮೇಲೆ ನನಗೇನೂ ಇಲ್ಲ. ನಾಳೆ ಅವನಿಗೂ ಮದುವೆಯಾಗುತ್ತೆ, ಮನೆ ಬೇರೆಯಾಗುತ್ತೆ, ಮಾತು ಬಿಡುವಂಥ ಜಗಳವೂ ಆಗಬಹುದು. ಆಗ ಈ ಹುಡುಗಿ ತನ್ನ ದುಡ್ಡು ಎಷ್ಟಿದೆ ಅಂತ ಯಾರನ್ನು ಕೇಳಬೇಕು?

ಹೆಬ್ಬೆಟ್ಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಇದನ್ನು ಸಣ್ಣ ವಿಷಯ ಅಂದುಕೊಂಡಿದ್ದಾರೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟಿನ ಖಾತೆ ಇರುವುದು ಓದು ಬರಹ ಬಾರದವರಿಗೆ. ಆ ಖಾತೆಗೆ ಸಾಮಾನ್ಯವಾಗಿ ಚೆಕ್ ಬುಕ್ ಕೊಡುವುದಿಲ್ಲ. ಪ್ರತಿ ಸಲವೂ ಪಾಸ್‌ಬುಕ್ ಹಿಡಿದು ಖುದ್ದಾಗಿ ಬರಬೇಕು, ಅವರು ಫೋಟೊ ನೋಡಿ ಗುರುತು ಹಿಡಿಯಬೇಕು, ಆಮೇಲೆ ದುಡ್ಡು. ಎಟಿಎಂ ಕಾರ್ಡ್ ಕೇಳಿದರೆ ‘ಹೆಬ್ಬೆಟ್ಟಿನ ಖಾತೆಗೆ ಹೇಗೆ ಕೊಡೋದು’ ಅನ್ನುತ್ತಾರೆ. ಸಹಿ ಬರುವವಳು ಒಂದು ಸಲ ಹೆಬ್ಬೆಟ್ಟು ಒತ್ತಿದರೆ ಇಷ್ಟೂ ಅವಳ ಹಿಂದೆ ಬರುತ್ತದೆ. ಓದಿಲ್ಲದವರ ನಿಯಮವನ್ನು ತೆಗೆದು ಕಾಣದವರ ಮೇಲೆ ಹಾಕುತ್ತಿದ್ದಾರೆ. ಎಲ್ಲ ತೊಂದರೆ ಶುರುವಾಗುವುದು ಅಲ್ಲಿಂದಲೇ.

ಕಾನೂನು ಹೀಗೆ ಹೇಳಿಲ್ಲ. ಜನರಲ್ ಕ್ಲಾಸಸ್ ಆಕ್ಟ್ ಪ್ರಕಾರ ತನ್ನ ಹೆಸರು ಬರೆಯಲು ಆಗದವರ ಗುರುತನ್ನೂ ಸಹಿ ಅಂತಲೇ ತೆಗೆದುಕೊಳ್ಳಬೇಕು. ಬರೆಯಲು ಆಗದವರಿಗೆ ಕೊಟ್ಟ ಅನುಕೂಲ ಅದು. ಬರೆಯಬಲ್ಲವರ ಕೈಯಿಂದ ಪೆನ್ನು ಕಿತ್ತುಕೊಳ್ಳುವುದಕ್ಕಲ್ಲ. ಸಾಕ್ಷಿಯ ವಿಷಯವೂ ಹಾಗೇ. ವಯಸ್ಸಾದ, ಕಾಯಿಲೆ ಬಿದ್ದ ಗ್ರಾಹಕರು ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುವಾಗ ಬ್ಯಾಂಕಿಗೆ ಗೊತ್ತಿರುವ ಇಬ್ಬರು ಸಾಕ್ಷಿ ಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಅದರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರಬೇಕು ಅಂತಲೂ ಹೇಳಿದೆ. ಅಂದರೆ ಆ ನಿಯಮವನ್ನೇ ಹಿಡಿದರೂ ಹೊರಗಿಂದ ಎರಡೆರಡು ಜನರನ್ನು ಕರ್ಕೊಂಡು ಬನ್ನಿ ಅನ್ನುವ ಹಾಗಿಲ್ಲ.

ಸಹಿ ಬೇರೆ ಬೇರೆ ಥರ ಬರುತ್ತೆ ಅನ್ನುವುದು ಸುಳ್ಳಲ್ಲ. ನನ್ನ ಹಾಗೆ ದೃಷ್ಟಿ ನಿಧಾನವಾಗಿ ಹೋದವರಲ್ಲಿ ಸಹಿಯೂ ನಿಧಾನವಾಗಿ ಬದಲಾಗುತ್ತದೆ. ಗೆರೆ ಮೇಲಕ್ಕೆ ಏರುತ್ತದೆ, ಒಂದಕ್ಷರದ ಮೇಲೆ ಇನ್ನೊಂದು ಕೂರುತ್ತದೆ. ಕಾಲೇಜಿನಲ್ಲಿದ್ದಾಗ ಕೊಟ್ಟ ಮಾದರಿ ಸಹಿಗೆ ಈಗಿನದು ಹೊಂದಬೇಕು ಅಂದರೆ ಎಲ್ಲಿಂದ ಹೊಂದಬೇಕು? ಇದಕ್ಕೆ ಮದ್ದು ಹೆಬ್ಬೆಟ್ಟಲ್ಲ, ಹೊಸ ಮಾದರಿ ಸಹಿ. ಒಂದು ಅರ್ಜಿ ಕೊಟ್ಟು ಈಗಿನ ಸಹಿಯನ್ನು ದಾಖಲೆಗೆ ಹಾಕಿಸಿ. ಮಾದರಿ ಕೊಡುವಾಗಲೂ ಆಮೇಲೂ ಸಹಿಯ ಚೌಕಟ್ಟು ಇಟ್ಟುಕೊಂಡೇ ಬರೆಯಿರಿ. ಅದನ್ನು ದುಡ್ಡು ಕೊಟ್ಟು ತರಬೇಕಾಗಿಲ್ಲ. ಅವಧಿ ಮುಗಿದ ಒಂದು ಕಾರ್ಡಿನ ನಡುವೆ ನಿಮ್ಮ ಸಹಿ ಹಿಡಿಸುವಷ್ಟು ಉದ್ದದ ಕಿಟಕಿ ಕೊರೆಸಿ. ಜಾಗ ಎಲ್ಲಿ ಅಂತ ಯಾರಾದರೂ ಕಾರ್ಡನ್ನು ಕಾಗದದ ಮೇಲೆ ಇಟ್ಟುಕೊಟ್ಟರೆ ಸಾಕು. ಎಡಗೈ ತೋರುಬೆರಳನ್ನು ಕಿಟಕಿಯ ಮೂಲೆಗೆ ಒತ್ತಿ ಹಿಡಿದು ಬಲಗೈಯಿಂದ ಬರೆದರೆ ಕೆಳಗಿನ ಅಂಚು ಪೆನ್ನನ್ನು ಜಾರಲು ಬಿಡುವುದಿಲ್ಲ. ನನ್ನ ಸಹಿ ಈಗ ವರ್ಷಗಳಿಂದ ಒಂದೇ ಥರ ಬರುತ್ತಿದೆ.

ಇವತ್ತು ಆ ಹುಡುಗಿಗೂ ನನ್ನ ಕಾರ್ಡನ್ನೇ ಕೊಟ್ಟೆ. ಅದಕ್ಕೂ ಮೊದಲು ಫೋನಿನಲ್ಲಿದ್ದ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ಆ ಅಧಿಕಾರಿಗೆ ಓದಲು ಕೊಟ್ಟೆ. 2008ರ ಜೂನ್ 4ರದು. ಚೆಕ್ ಬುಕ್, ಎಟಿಎಂ, ನೆಟ್ ಬ್ಯಾಂಕಿಂಗ್, ಲಾಕರ್, ಸಾಲ, ಕ್ರೆಡಿಟ್ ಕಾರ್ಡ್, ಯಾವುದನ್ನೂ ಕಣ್ಣು ಕಾಣುವುದಿಲ್ಲ ಅನ್ನುವ ಕಾರಣಕ್ಕೆ ನಿರಾಕರಿಸಬಾರದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಅವರು ಓದಿದರು, ಮೇಲಿನ ಕಚೇರಿಗೆ ಫೋನ್ ಮಾಡಿದರು, ಬಹಳ ಹೊತ್ತಿನ ಮೇಲೆ ಒಪ್ಪಿದರು. ಖಾತೆ ಅವಳೊಬ್ಬಳ ಹೆಸರಿಗೆ, ಅವಳ ಸಹಿಗೆ, ಅವಳ ನಂಬರಿಗೆ ಆಯಿತು. ಎಷ್ಟೋ ವರ್ಷಗಳಿಂದ ಇರುವ ಆದೇಶವನ್ನು ಗ್ರಾಹಕರೇ ಹೊತ್ತುಕೊಂಡು ಹೋಗಿ ತೋರಿಸಬೇಕು ಅಂದರೆ ಹೊಟ್ಟೆ ಉರಿಯುವುದಿಲ್ವಾ?

‘ನಾಳೆ ಯಾರಾದ್ರೂ ಮೋಸ ಮಾಡಿದ್ರೆ ನಾವು ಉತ್ತರ ಕೊಡ್ಬೇಕಲ್ಲ ಮೇಡಂ’ ಅಂದರು ಅವರು. ಅವರ ಭಯ ನನಗೆ ಅರ್ಥವಾಗುತ್ತದೆ, ಹೆಚ್ಚುಕಮ್ಮಿ ಆದರೆ ವಿಚಾರಣೆ ಎದುರಿಸುವುದು ಕೌಂಟರಿನಲ್ಲಿ ಕೂತವರೇ. ಆದರೆ ಆ 2008ರ ಸುತ್ತೋಲೆ ಹುಟ್ಟಿದ್ದೇ ಈ ಮಾತಿಗೆ ಉತ್ತರವಾಗಿ. ಅದಕ್ಕೂ ಮೊದಲು, 2005ರಲ್ಲಿ, ಅಂಗವಿಕಲರ ಮುಖ್ಯ ಆಯುಕ್ತರು ಒಂದು ದೂರಿನ ಮೇಲೆ ಆದೇಶ ಕೊಟ್ಟಿದ್ದರು. ಅಪಾಯ ಇದೆ ಅಂತ ಸೌಲಭ್ಯ ತಪ್ಪಿಸುವ ಹಾಗಿಲ್ಲ, ಅಪಾಯ ಉಳಿದ ಗ್ರಾಹಕರಿಗೂ ಇದ್ದೇ ಇದೆ ಅಂತ. ಕಣ್ಣು ಚೆನ್ನಾಗಿ ಕಾಣುವವರೇ ದಿನಾ ಫೋನಿನಲ್ಲಿ ಒಟಿಪಿ ಹೇಳಿ ದುಡ್ಡು ಕಳೆದುಕೊಳ್ಳುತ್ತಿದ್ದಾರೆ, ಅವರಿಗೆ ಯಾರೂ ‘ಅಣ್ಣನ್ನ ಕರ್ಕೊಂಡು ಬನ್ನಿ’ ಅನ್ನುವುದಿಲ್ಲ.

ಕೆಲವು ಕಡೆ ಇನ್ನೊಂದಿದೆ, ಮುಚ್ಚಳಿಕೆ. ಕಾರ್ಡ್ ಕೊಡುತ್ತೇವೆ, ಆದರೆ ಏನೇ ನಷ್ಟವಾದರೂ ನಾನೇ ಹೊಣೆ ಅಂತ ಬರೆದುಕೊಡಿ ಅನ್ನುತ್ತಾರೆ. ಬರೆದುಕೊಡಬೇಡಿ. ಬ್ಯಾಂಕಿನ ತಪ್ಪೂ ಇಲ್ಲದೆ, ನಿಮ್ಮ ತಪ್ಪೂ ಇಲ್ಲದೆ ಮೂರನೆಯವರು ಆನ್‌ಲೈನಿನಲ್ಲೋ ಕಾರ್ಡಿನಲ್ಲೋ ದುಡ್ಡು ಹೊಡೆದರೆ, ಬ್ಯಾಂಕಿನ ಸಂದೇಶ ಬಂದ ಮೇಲೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇಲ್ಲ ಅಂತ 2017ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ಎಲ್ಲರಿಗೂ ಸಿಕ್ಕ ಆ ರಕ್ಷಣೆಯನ್ನು ನಮ್ಮ ಕೈಯಿಂದಲೇ ಬರೆಸಿಕೊಂಡು ವಾಪಸ್ ಪಡೆಯುವುದು ಯಾವ ನ್ಯಾಯ?

ಕಾರ್ಡ್ ಕೈಗೆ ಬಂದರೂ ‘ಯಾರನ್ನಾದ್ರೂ ಕರ್ಕೊಂಡು ಬನ್ನಿ’ ಮುಗಿಯುವುದಿಲ್ಲ. ಎಟಿಎಂ ಬಾಗಿಲಿನಲ್ಲಿ ಅದು ಮತ್ತೆ ಸಿಗುತ್ತದೆ. ನಮ್ಮ ದೇಶದ ಮೊದಲ ಮಾತನಾಡುವ ಎಟಿಎಂ ಬಂದಿದ್ದು 2012ರಲ್ಲಿ, ಯೂನಿಯನ್ ಬ್ಯಾಂಕಿನದು, ಅಹಮದಾಬಾದಿನಲ್ಲಿ. 2014ರ ಜುಲೈ 1ರಿಂದ ಹೊಸದಾಗಿ ಹಾಕುವ ಎಲ್ಲ ಎಟಿಎಂಗಳೂ ಮಾತನಾಡಬೇಕು, ಕೀಲಿಗಳ ಮೇಲೆ ಬ್ರೈಲ್ ಇರಬೇಕು ಅಂತ ಆದೇಶವಾಯಿತು. ಬ್ರೈಲ್ ಚುಕ್ಕೆ ಬಹಳ ಕಡೆ ಇದೆ. ಧ್ವನಿ ಇದೆಯಾ ಅಂತ ಕೇಳಿ, ಅಲ್ಲಿ ನೋವು ಶುರು.

ಸರಿ ಇರುವ ಯಂತ್ರದಲ್ಲಿ ಕೆಲಸ ಎಷ್ಟು ಚೆನ್ನಾಗಿ ಆಗುತ್ತದೆ ಗೊತ್ತಾ? ವೈರ್ ಇರುವ ಇಯರ್‌ಫೋನ್ ಬೇಕು, ಬ್ಲೂಟೂತ್ ನಡೆಯುವುದಿಲ್ಲ. ಅದರ ತುದಿಯನ್ನು ಯಂತ್ರದ ಜ್ಯಾಕಿಗೆ ಚುಚ್ಚಿದ ತಕ್ಷಣ ಧ್ವನಿ ಶುರುವಾಗುತ್ತದೆ, ಯಾವ ಕೀಲಿ ಎಲ್ಲಿದೆ ಅಂತ ವಿವರಿಸುತ್ತದೆ. ಅಂಕಿಗಳ ನಡುವಿನ 5ರ ಮೇಲೆ ಒಂದು ಉಬ್ಬು ಚುಕ್ಕೆ, ಅದನ್ನು ಹಿಡಿದರೆ ಉಳಿದ ಅಂಕಿಗಳು ತಾವೇ ಸಿಗುತ್ತವೆ. ಪರದೆಯನ್ನು ಕಪ್ಪು ಮಾಡುವ ಆಯ್ಕೆಯೂ ಹಲವು ಯಂತ್ರಗಳಲ್ಲಿದೆ, ಹಿಂದೆ ನಿಂತವರಿಗೆ ಬ್ಯಾಲೆನ್ಸ್ ಕಾಣುವುದಿಲ್ಲ. ನನ್ನ ದುಡ್ಡಿನ ಲೆಕ್ಕ ನನ್ನ ಕಿವಿಗೆ ಮಾತ್ರ ಕೇಳಿದ ಮೊದಲ ದಿನದ ಖುಷಿಯನ್ನು ನಾನು ಹೇಳಿ ಮುಗಿಸಲಾರೆ. ಅಲ್ಲಿಯವರೆಗೆ ನನ್ನ ಪಿನ್ ನಂಬರ್ ಮನೆಮಂದಿಗೆಲ್ಲ ಗೊತ್ತಿತ್ತು.

ಕೆಟ್ಟಿರುವುದನ್ನು ತಿಳಿಯುವುದು ಸುಲಭ. ಕಾರ್ಡ್ ಹಾಕುವ ಮೊದಲು ಇಯರ್‌ಫೋನ್ ಚುಚ್ಚಿ ಕಾಯಿರಿ. ಏನೂ ಕೇಳದಿದ್ದರೆ ಒಂದೋ ಜ್ಯಾಕಿಗೆ ಧೂಳು ತುಂಬಿದೆ, ಇಲ್ಲವೇ ಒಳಗೆ ಧ್ವನಿಯನ್ನು ಆನ್ ಮಾಡಿಲ್ಲ. ಕಾರ್ಡ್ ಹಾಕಬೇಡಿ, ಹೊರಗೆ ಬನ್ನಿ. ಇನ್ನು ಕೆಲವು ಯಂತ್ರಗಳಲ್ಲಿ ಸ್ವಾಗತದ ಮಾತು ಮಾತ್ರ ಬರುತ್ತದೆ, ಮುಂದಿನ ಆಯ್ಕೆಗಳೆಲ್ಲ ಪರದೆ ಮುಟ್ಟಿಯೇ ಮಾಡಬೇಕು, ಅಲ್ಲಿ ಕೈ ಕಟ್ಟಿ ಹಾಕಿದ ಹಾಗೆ. ಆಗ ಪಕ್ಕದಲ್ಲಿ ಯಾರೋ ಹೇಳುತ್ತಾರೆ, ‘ಪಿನ್ ಹೇಳಿ ಮೇಡಂ, ನಾನೇ ಒತ್ತುತ್ತೇನೆ.’ ಪಿನ್ ಯಾರಿಗೂ ಹೇಳಬೇಡಿ ಅಂತ ಬೋರ್ಡ್ ಹಾಕಿರುವ ಅದೇ ಕೋಣೆಯಲ್ಲಿ!

ಸಹಾಯವೇ ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ಶಾಖೆಯಲ್ಲಿ ಒಬ್ಬ ಕ್ಲರ್ಕ್ ಇದ್ದರು. ಫಾರ್ಮಿನ ಪ್ರತಿ ಸಾಲನ್ನೂ ತಗ್ಗಿದ ದನಿಯಲ್ಲಿ ಓದುತ್ತಿದ್ದರು, ಸಣ್ಣ ಅಕ್ಷರದ ಷರತ್ತುಗಳನ್ನೂ ಬಿಡುತ್ತಿರಲಿಲ್ಲ. ನಾನು ಹೇಳಿದ್ದನ್ನೇ ಬರೆಯುತ್ತಿದ್ದರು, ಬರೆದದ್ದನ್ನು ಮತ್ತೆ ಓದುತ್ತಿದ್ದರು, ಕಾರ್ಡನ್ನು ಸಹಿಯ ಜಾಗದಲ್ಲಿ ಇಟ್ಟು ಕೈ ತೆಗೆಯುತ್ತಿದ್ದರು. ಐನೂರರ ನೋಟು, ನೂರರ ನೋಟು ಬೇರೆ ಬೇರೆ ಕೈಗೆ ಕೊಡುತ್ತಿದ್ದರು. ಇಷ್ಟಕ್ಕೆ ಖರ್ಚು ಏನೂ ಇಲ್ಲ. ಕಡಿಮೆ ಕಾಣುವವರಿಗಾಗಿ ಪ್ರತಿ ಶಾಖೆಯಲ್ಲೂ ಭೂತಕನ್ನಡಿ ಇಡಬೇಕು, ಇದೆ ಅಂತ ಬೋರ್ಡೂ ಹಾಕಬೇಕು ಅಂತ ಅದೇ 2014ರ ಆದೇಶದಲ್ಲಿದೆ. ಇವತ್ತು ಆ ಹುಡುಗಿ ಕೇಳಿದಾಗ ಬೀಗ ಹಾಕಿದ ಡ್ರಾಯರಿನಿಂದ ಅದನ್ನು ತೆಗೆದರು. ಬೋರ್ಡ್ ಇರಲಿಲ್ಲ.

ನಿಮ್ಮ ಮನೆಯಲ್ಲೋ ಪರಿಚಯದಲ್ಲೋ ಯಾರಿಗಾದರೂ ಹೀಗಾದರೆ ಬಾಯಿಮಾತಿನಲ್ಲಿ ಜಗಳ ಆಡಿ ಬರಬೇಡಿ. ಯಾವ ಸೌಲಭ್ಯ ಕೊಡುವುದಿಲ್ಲ, ಯಾಕೆ ಕೊಡುವುದಿಲ್ಲ ಅಂತ ಬರವಣಿಗೆಯಲ್ಲಿ ಕೇಳಿ. ಎಷ್ಟೋ ಸಲ ಬರೆದುಕೊಡಿ ಅಂದ ಕೂಡಲೇ ಕೆಲಸ ಆಗುತ್ತದೆ. ಆಗದಿದ್ದರೆ ಬ್ಯಾಂಕಿಗೇ ಲಿಖಿತ ದೂರು ಕೊಟ್ಟು ರಸೀದಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಇಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು, ದುಡ್ಡು ಕೊಡಬೇಕಾಗಿಲ್ಲ. 2008ರ ಸುತ್ತೋಲೆ ಬೇಕಾದವರು ಕಾಮೆಂಟಿನಲ್ಲಿ ಹೇಳಿ, ಕಳಿಸುತ್ತೇನೆ.