ಸಿಂಗ್ಲೆಟ್, ಕ್ವಾರ್ಟೆಟ್, ಟ್ರಿಪ್ಲೆಟ್: ಇಷ್ಟರಿಂದಲೇ ಈಥೈಲ್ ಅಸಿಟೇಟ್ ಎನ್ನಬಹುದೇ?

ಈಥೈಲ್ ಅಸಿಟೇಟಿನ ಪ್ರೋಟಾನ್ ಎನ್‌ಎಂಆರ್ ರೋಹಿತವನ್ನು, ಅಂದರೆ ಅಣುವಿನ ಹೈಡ್ರೋಜನ್‌ಗಳು ಕೊಡುವ ಪೀಕ್‌ಗಳ ನಕ್ಷೆಯನ್ನು, ಕೊಟ್ಟು ಇದು ಯಾವ ಸಂಯುಕ್ತ ಎಂದು ಕೇಳಿದರೆ ವಿದ್ಯಾರ್ಥಿಗಳು ಬರೆಯುವ ಉತ್ತರ ಹೆಚ್ಚುಕಡಿಮೆ ಒಂದೇ ಬಗೆಯದು: ‘ಮೂರು ಪ್ರೋಟಾನ್‌ಗಳ ಸಿಂಗ್ಲೆಟ್, ಎರಡರ ಕ್ವಾರ್ಟೆಟ್, ಮೂರರ ಟ್ರಿಪ್ಲೆಟ್ ಇವೆ, ಆದ್ದರಿಂದ ಇದು ಈಥೈಲ್ ಅಸಿಟೇಟ್.’ ಈ ‘ಆದ್ದರಿಂದ’ಕ್ಕೆ ಪೂರ್ಣ ಅಂಕ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಅದೇ C₄H₈O₂ ಅಣುಸೂತ್ರದ ಮೀಥೈಲ್ ಪ್ರೊಪಿಯೊನೇಟ್ ಕೂಡ ಇದೇ ಮೂರು ಪೀಕ್‌ಗಳನ್ನು ಇದೇ ಅನುಪಾತದಲ್ಲಿ ಕೊಡುತ್ತದೆ.

ಪೀಕ್ ಒಂದೇ ಗೆರೆಯಾಗಿ ಉಳಿದರೆ ಸಿಂಗ್ಲೆಟ್, ಮೂರಾಗಿ ಸೀಳಿದರೆ ಟ್ರಿಪ್ಲೆಟ್, ನಾಲ್ಕಾಗಿ ಸೀಳಿದರೆ ಕ್ವಾರ್ಟೆಟ್. ಈ ಸೀಳಿಕೆ ನಮಗೆ ಹೇಳುವುದು ನೆರೆಹೊರೆಯ ವಿಷಯವನ್ನು ಮಾತ್ರ. ಕ್ವಾರ್ಟೆಟ್ ಕಂಡರೆ ಪಕ್ಕದ ಇಂಗಾಲದ ಮೇಲೆ ಮೂರು ಪ್ರೋಟಾನ್‌ಗಳಿವೆ, ಟ್ರಿಪ್ಲೆಟ್ ಕಂಡರೆ ಎರಡಿವೆ. ಎರಡರಲ್ಲೂ ಗೆರೆಗಳ ನಡುವಿನ ಅಂತರ ಸುಮಾರು 7.1 ಹರ್ಟ್ಜ್ ಎಂದಾದರೆ, ಅವು ಒಂದನ್ನೊಂದು ಸೀಳುತ್ತಿವೆ, ಅಂದರೆ ಅಣುವಿನಲ್ಲಿ ಈಥೈಲ್ ಗುಂಪಿದೆ ಎನ್ನಬಹುದು. 400 ಮೆಗಾಹರ್ಟ್ಜ್ ಉಪಕರಣದಲ್ಲಿ ಈ ಅಂತರ 0.018 ಪಿಪಿಎಂ ಅಷ್ಟೇ ಆಗುವುದರಿಂದ, ಪೀಕನ್ನು ಹಿಗ್ಗಿಸಿ ನೋಡದೆ ನಾಲ್ಕು ಗೆರೆಗಳನ್ನು ಎಣಿಸಲು ಹೋಗಬಾರದು. ಆದರೆ ಆ ಈಥೈಲ್ ಗುಂಪು ಆಮ್ಲಜನಕಕ್ಕೆ ಅಂಟಿಕೊಂಡಿದೆಯೋ ಕಾರ್ಬೊನಿಲ್‌ಗೆ ಅಂಟಿಕೊಂಡಿದೆಯೋ ಎಂಬುದನ್ನು ಸೀಳಿಕೆಯಾಗಲಿ ಪೀಕ್‌ಗಳ ವಿಸ್ತೀರ್ಣ ಅಳೆಯುವ ಇಂಟಿಗ್ರೇಷನ್ ಆಗಲಿ ಹೇಳಲಾರವು.

ಅದನ್ನು ಹೇಳುವುದು ನಕ್ಷೆಯ ಪಿಪಿಎಂ ಅಳತೆಯಲ್ಲಿ ಪೀಕ್ ಇರುವ ಸ್ಥಾನ. ಡ್ಯೂಟರೇಟೆಡ್ ಕ್ಲೋರೊಫಾರ್ಮ್‌ನಲ್ಲಿ ಈಥೈಲ್ ಅಸಿಟೇಟಿನ ಕ್ವಾರ್ಟೆಟ್ 4.12ರಲ್ಲಿ, ಸಿಂಗ್ಲೆಟ್ 2.05ರಲ್ಲಿ, ಟ್ರಿಪ್ಲೆಟ್ 1.26ರಲ್ಲಿ ಬರುತ್ತವೆ. ಮೀಥೈಲ್ ಪ್ರೊಪಿಯೊನೇಟಿನಲ್ಲಿ ಸ್ಥಾನಗಳು ಅದಲುಬದಲಾಗುತ್ತವೆ: ಆಮ್ಲಜನಕದ ಪಕ್ಕಕ್ಕೆ ಬಂದ ಮೀಥೈಲ್ ಸಿಂಗ್ಲೆಟ್ 3.67ರ ಆಸುಪಾಸಿಗೆ ಏರುತ್ತದೆ, ಕಾರ್ಬೊನಿಲ್ ಪಕ್ಕದ ಕ್ವಾರ್ಟೆಟ್ 2.3ಕ್ಕೆ ಇಳಿಯುತ್ತದೆ. ಆಮ್ಲಜನಕವು ಎಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆದು ಪಕ್ಕದ ಪ್ರೋಟಾನ್‌ಗಳ ರಕ್ಷಣೆಯನ್ನು ತಗ್ಗಿಸುವುದೇ ಇದಕ್ಕೆ ಕಾರಣ. ಹಾಗಾಗಿ 4ರ ಹತ್ತಿರ ಇರುವುದು ಸಿಂಗ್ಲೆಟ್ಟೋ ಕ್ವಾರ್ಟೆಟ್ಟೋ ಎಂದು ಮೊದಲು ನೋಡಿದರೆ, ಎರಡು ಎಸ್ಟರ್‌ಗಳ ನಡುವಿನ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಇಂಟಿಗ್ರೇಷನ್ ಕೊಡುವುದು ಅನುಪಾತವನ್ನೇ ಹೊರತು ಎಣಿಕೆಯನ್ನಲ್ಲ. ಯಾವ ಪೀಕಿಗೆ ಯಾವ ಬೆಲೆ ಎಂದು ನಿಗದಿಪಡಿಸುವವರು ನಾವೇ. ಪ್ರಯೋಗಾಲಯದಲ್ಲಿ ತಯಾರಿಸಿದ ಮಾದರಿಯಲ್ಲಿ 4.12ರ ಕ್ವಾರ್ಟೆಟ್ಟಿಗೆ 2.00 ಎಂದು ಇಟ್ಟಾಗ ಸಿಂಗ್ಲೆಟ್ 3.00 ಬಂದು, ಟ್ರಿಪ್ಲೆಟ್ ಮಾತ್ರ 3.15 ಬಂದಿದೆ ಎಂದುಕೊಳ್ಳೋಣ. ಇದನ್ನು ‘ಸರಿಸುಮಾರು ಮೂರು’ ಎಂದು ತಳ್ಳಿಹಾಕುವ ಮೊದಲು 3.72ರತ್ತ ಕಣ್ಣು ಹಾಯಿಸಬೇಕು. ಉಳಿದುಹೋದ ಎಥನಾಲ್‌ನ ಕ್ವಾರ್ಟೆಟ್ ಬರುವುದು ಅಲ್ಲಿ. ಅದರ ಟ್ರಿಪ್ಲೆಟ್ಟು 1.25ರಲ್ಲಿದ್ದು ಎಸ್ಟರಿನ ಟ್ರಿಪ್ಲೆಟ್ಟಿನೊಳಗೆ ಅಡಗಿ ಕೂರುತ್ತದೆ. 3.72ರ ಪುಟ್ಟ ಕ್ವಾರ್ಟೆಟ್ 0.10 ಇದ್ದರೆ ಎಥನಾಲ್‌ನ ಮೀಥೈಲ್‌ನ ಪಾಲು 0.15 ಆಗುತ್ತದೆ, ಟ್ರಿಪ್ಲೆಟ್ಟಿನಲ್ಲಿ ಮೂರಕ್ಕಿಂತ ಹೆಚ್ಚಾಗಿ ಕಂಡದ್ದೂ ಅಷ್ಟೇ. ಅಂದರೆ ಆ ಮಾದರಿಯಲ್ಲಿ ನೂರು ಎಸ್ಟರ್ ಅಣುಗಳಿಗೆ ಐದರಂತೆ ಎಥನಾಲ್ ಇದೆ.